ದೂರು ಮುಚ್ಚಿತು, ಕರೆಂಟ್ ಬರಲಿಲ್ಲ: 24 ಗಂಟೆಯ ಲೆಕ್ಕ ಎಲ್ಲಿ ತಪ್ಪುತ್ತದೆ?

ಮಳೆ ಹಿಡಿದರೆ ಮಲೆನಾಡಿನಲ್ಲಿ ಕರೆಂಟ್ ದೂರುಗಳ ಕಾಲ ಶುರುವಾಗುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಲೈನುಗಳು ಕಾಡಿನ ನಡುವೆ, ತೋಟದ ಅಂಚಿನಲ್ಲಿ, ಗುಡ್ಡ ಹತ್ತಿ ಇಳಿದು ಹೋಗುತ್ತವೆ. ಗಾಳಿಗೆ ಒಂದು ಕೊಂಬೆ ಮುರಿದು ಬಿದ್ದರೂ ಸಾಕು, ಕೆಳಗಿನ ಊರುಗಳೆಲ್ಲ ಕತ್ತಲು. ಶಿವಮೊಗ್ಗ ಜಿಲ್ಲೆಗೆ ವಿದ್ಯುತ್ ಕೊಡುವುದು ಮೆಸ್ಕಾಂ. ದೂರು ಹೇಳಲು 1912 ಇದೆ. ಫೋನ್ ಮಾಡಿದರೆ ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ ಕೇಳುತ್ತಾರೆ, ದೂರು ಬರೆದುಕೊಳ್ಳುತ್ತಾರೆ, ಒಂದು ದೂರು ಸಂಖ್ಯೆ ಕೊಡುತ್ತಾರೆ.

ಇಷ್ಟರ ಹಿಂದೆ ಒಂದು ಕಾನೂನಿನ ಬೆನ್ನೆಲುಬೂ ಇದೆ. 2003ರ ವಿದ್ಯುತ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಸೇವೆಯ ಮಾನದಂಡಗಳನ್ನು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಹಾಕಿಕೊಡಬಹುದು. ಅದನ್ನು ಪಾಲಿಸದ ಕಂಪನಿ ಗ್ರಾಹಕರಿಗೆ ಪರಿಹಾರ ಕೊಡಬೇಕು. ಕರ್ನಾಟಕದಲ್ಲಿ ಈ ಆಯೋಗ ಕೆಇಆರ್‌ಸಿ. ಅದು 2004ರಲ್ಲೇ ಮಾನದಂಡ ಹಾಕಿತು. ಫ್ಯೂಸ್ ಹೋದ ದೂರಿಗೆ ಪಟ್ಟಣಗಳಲ್ಲಿ 6 ಗಂಟೆ, ಹಳ್ಳಿಗಳಲ್ಲಿ 24 ಗಂಟೆ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಪಟ್ಟಣದಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆ. ಈ ಅವಧಿಗಳು ಸಾಕೋ ಸಾಲದೋ ಅನ್ನುವ ಜಗಳ ಬೇರೆ. ಅವಧಿ ಯಾವಾಗ ಶುರುವಾಗುತ್ತದೆ, ಯಾರು ಅದನ್ನು ನಿಲ್ಲಿಸುತ್ತಾರೆ, ನಿಲ್ಲಿಸಿದ್ದು ಸರಿಯೋ ಅಂತ ಯಾರು ನೋಡುತ್ತಾರೆ ಅನ್ನುವುದರ ಬಗ್ಗೆ ಮಾತು ಕಡಿಮೆ. ನನ್ನ ಪ್ರಕಾರ ಹಳ್ಳಿ ಮನೆಯವರು ಸೋಲುವುದು ಅಲ್ಲೇ.

ಒಂದು ಉದಾಹರಣೆ ಹಾಕಿಕೊಂಡು ನೋಡೋಣ. ಇದು ನಡೆದ ಘಟನೆಯಲ್ಲ, ಲೆಕ್ಕ ಅರ್ಥವಾಗಲಿ ಅಂತ ಕಟ್ಟಿಕೊಂಡದ್ದು. ಯಾವುದೇ ಕಂಪನಿಯ ಕರೆ ಕೇಂದ್ರದಲ್ಲೂ ಹೀಗಾಗಬಹುದು.

ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಒಂದು ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಮೇಲೆ 11 ಮನೆ. ಸೋಮವಾರ ಸಂಜೆ ಗಾಳಿ ಬೀಸಿ 7.10ಕ್ಕೆ ಕರೆಂಟ್ ಹೋಯಿತು. ಒಂದು ಮನೆಯವರು ಕೂಡಲೇ ಫೋನ್ ಮಾಡಿ ದೂರು ಬರೆಸಿದರು. ನಿಜಕ್ಕೂ ಆ ಸಂಜೆ ಎರಡು ಕಡೆ ತೊಂದರೆ ಆಗಿತ್ತು. ಒಂದು, ವಿದ್ಯುತ್ ಸಬ್‌ಸ್ಟೇಷನ್‌ನಿಂದ ಹಲವು ಊರುಗಳಿಗೆ ಬರುವ 11 ಕೆವಿ ಲೈನ್, ಅಂದರೆ ಫೀಡರ್ ಮೇಲೆ ಮರ ಬಿದ್ದು ಅದು ಪೂರ್ತಿ ಬಂದ್. ಎರಡು, ಇದೇ ಊರಿನ ಟಿಸಿಯಿಂದ ಮನೆಗಳಿಗೆ ಹೋಗುವ ಎಲ್‌ಟಿ ಲೈನಿನ ತಂತಿಯೂ ತುಂಡಾಗಿ ಬಿದ್ದಿತ್ತು. ಎರಡನೆಯದು ಯಾರಿಗೂ ಗೊತ್ತಿಲ್ಲ. ಫೀಡರ್‌ನಲ್ಲೇ ಕರೆಂಟ್ ಇಲ್ಲದಾಗ ಕೆಳಗೆ ಏನು ಹಾಳಾಗಿದೆ ಅಂತ ಮೇಲಿನಿಂದ ಕಾಣುವುದಿಲ್ಲ.

ಮಂಗಳವಾರ ಬೆಳಿಗ್ಗೆ ಲೈನ್‌ಮನ್‌ಗಳು ಮರ ಕಡಿದು, ತಂತಿ ಎಳೆದು, ಮಧ್ಯಾಹ್ನ 2 ಗಂಟೆಗೆ ಫೀಡರ್ ಚಾರ್ಜ್ ಮಾಡಿದರು. ಮಳೆಯಲ್ಲಿ ನೆನೆದು ಮಾಡಿದ ಕೆಲಸ, ಅದರಲ್ಲಿ ಕೊಂಕಿಲ್ಲ. ಫೀಡರ್ ಬಂತು ಅಂತ ಸ್ಟೇಷನ್‌ನಿಂದ ಸುದ್ದಿ ಹೋಯಿತು. ಕರೆ ಕೇಂದ್ರದಲ್ಲಿ ಆ ಫೀಡರ್ ಮೇಲೆ ಬಂದಿದ್ದ ದೂರುಗಳನ್ನೆಲ್ಲ ಒಟ್ಟಿಗೆ ಮುಚ್ಚಿದರು. ‘ನಿಮ್ಮ ದೂರು ಪರಿಹಾರವಾಗಿದೆ’ ಅಂತ ಮೆಸೇಜ್ ಹೊರಟಿತು. ನಮ್ಮ 11 ಮನೆಗಳಲ್ಲಿ ಇನ್ನೂ ಕತ್ತಲು. ಮೆಸೇಜ್ ಕೂಡ ಮುಟ್ಟಲಿಲ್ಲ, ಕರೆಂಟ್ ಇಲ್ಲದೆ ಮೊಬೈಲ್ ಟವರ್‌ನ ಬ್ಯಾಟರಿಯೂ ಖಾಲಿಯಾಗಿತ್ತು.

ಸಂಜೆ 6.30ಕ್ಕೆ ಆ ಮನೆಯವರು ಗುಡ್ಡ ಹತ್ತಿ, ಸಿಗ್ನಲ್ ಸಿಗುವ ಕಡೆ ನಿಂತು ಮತ್ತೆ ಫೋನ್ ಮಾಡಿದರು. ಹಳೇ ದೂರು ಮುಚ್ಚಿ ಹೋಗಿದೆ, ಹೊಸದಾಗಿ ಬರೆದುಕೊಳ್ಳುತ್ತೇವೆ ಅಂದರು. ಹೊಸ ಸಂಖ್ಯೆ ಬಂತು. ಬುಧವಾರ ಮಧ್ಯಾಹ್ನ 1.30ಕ್ಕೆ ತಂತಿ ಕಟ್ಟಿ ಕರೆಂಟ್ ಕೊಟ್ಟರು.

ಈಗ ಲೆಕ್ಕ ಹಾಕಿ. ಮೊದಲನೇ ದೂರು 18 ಗಂಟೆ 50 ನಿಮಿಷದಲ್ಲಿ ಮುಗಿಯಿತು. ಎರಡನೇ ದೂರು 19 ಗಂಟೆಯಲ್ಲಿ ಮುಗಿಯಿತು. ಎರಡೂ 24 ಗಂಟೆಯ ಒಳಗೆ. ತಿಂಗಳ ವರದಿಯಲ್ಲಿ ಎರಡು ದೂರು, ಎರಡೂ ಅವಧಿಯೊಳಗೆ ಪರಿಹಾರ ಅಂತ ಬರುತ್ತದೆ. ಮನೆಯವರು ಕತ್ತಲಲ್ಲಿ ಕೂತದ್ದು 42 ಗಂಟೆ 20 ನಿಮಿಷ. ಯಾರೂ ಸುಳ್ಳು ಬರೆಯಲಿಲ್ಲ. ಯಾರೂ ಕೆಲಸ ಕದಿಯಲಿಲ್ಲ. ಆದರೂ ಅವಧಿ ಮೀರಿದ್ದು ಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ.

ಇದರ ದೊಡ್ಡ ಪರಿಣಾಮ ಮೇಲಿನ ಅಧಿಕಾರಿಗೆ ದೂರು ಹೋಗುವ ವ್ಯವಸ್ಥೆಯ ಮೇಲೆ ಆಗುತ್ತದೆ. ದೂರು ತನ್ನಷ್ಟಕ್ಕೆ ಮೇಲೆ ಹೋಗುವುದು ಅದು ತೆರೆದಿದ್ದರೆ ಮಾತ್ರ. ಮುಚ್ಚಿದ ದೂರಿಗೆ ಗಡಿಯಾರ ಇಲ್ಲ. ಮಂಗಳವಾರ 2 ಗಂಟೆಗೆ ಮುಚ್ಚದೆ ಬಿಟ್ಟಿದ್ದರೆ ದೂರು ಸಂಜೆ 7.10ಕ್ಕೆ 24 ಗಂಟೆ ದಾಟುತ್ತಿತ್ತು, ದೊಡ್ಡ ಸಾಹೇಬರ ಮೇಜಿಗೆ ಹೋಗುತ್ತಿತ್ತು. ಹೋಗಲಿಲ್ಲ. ಹೊಸ ದೂರು ಮತ್ತೆ ಸೊನ್ನೆಯಿಂದ, ಅದೇ ಕೆಳಗಿನ ಹಂತದಿಂದ ಶುರುವಾಯಿತು. ಎಷ್ಟೇ ಚಂದದ ನಾಲ್ಕು ಹಂತದ ಪಟ್ಟಿ ಗೋಡೆಗೆ ಅಂಟಿಸಿದರೂ, ಮುಚ್ಚುವ ನಿಯಮ ಸಡಿಲವಾಗಿದ್ದರೆ ಎರಡನೇ ಹಂತಕ್ಕೇ ದೂರು ತಲುಪುವುದಿಲ್ಲ.

ಮೊದಲ ಕರೆಯಲ್ಲೇ ಕೇಳಬೇಕಾದ್ದು

ತಪ್ಪು ಶುರುವಾದದ್ದು ಮೊದಲ ಕರೆಯಲ್ಲಿ. ಕರೆ ಕೇಂದ್ರದಲ್ಲಿ ಕೂತವರಿಗೆ ಆ ಊರು ಗೊತ್ತಿರುವುದಿಲ್ಲ. ಪರದೆಯ ಮೇಲೆ ಕೆಲವು ಬಗೆಗಳು ಇರುತ್ತವೆ, ಒಂದನ್ನು ಒತ್ತಬೇಕು. ಮಳೆಯ ರಾತ್ರಿ ಕರೆಗಳು ಸಾಲುಗಟ್ಟಿ ನಿಂತಾಗ ‘ಕರೆಂಟ್ ಇಲ್ಲ’ ಅನ್ನುವುದನ್ನು ಒತ್ತಿ ಮುಂದೆ ಹೋಗುತ್ತಾರೆ. ಆದರೆ ಬಗೆಯೇ ಅವಧಿಯನ್ನು ನಿರ್ಧರಿಸುತ್ತದೆ. ಒಂದೇ ಮನೆಗೆ ಹೋಗಿದೆಯೋ, ಟಿಸಿ ಮೇಲಿನ ಎಲ್ಲರಿಗೂ ಹೋಗಿದೆಯೋ, ಫೀಡರ್ ಪೂರ್ತಿ ಹೋಗಿದೆಯೋ ಅನ್ನುವುದರ ಮೇಲೆ ಯಾರು ಹೋಗಬೇಕು, ಏನು ತೆಗೆದುಕೊಂಡು ಹೋಗಬೇಕು, ಎಷ್ಟು ಹೊತ್ತಿನಲ್ಲಿ ಮುಗಿಸಬೇಕು ಎಲ್ಲ ನಿಂತಿದೆ. ಒಂದು ಮನೆಯ ಫ್ಯೂಸ್ ಅಂತ ಬರೆದ ದೂರಿಗೆ ಒಬ್ಬ ಲೈನ್‌ಮನ್ ಬೈಕಿನಲ್ಲಿ ಹೋಗುತ್ತಾನೆ. ಅಲ್ಲಿ ಕಂಬವೇ ಮುರಿದಿದ್ದರೆ ನೋಡಿಕೊಂಡು ವಾಪಸ್ ಬರುತ್ತಾನೆ. ಅರ್ಧ ದಿನ ಹೋಯಿತು.

ಸರಿಯಾಗಿ ಕೇಳಿದರೆ ಒಂದು ನಿಮಿಷವೂ ಜಾಸ್ತಿ ಹಿಡಿಯುವುದಿಲ್ಲ.

‘ನಿಮ್ಮ ಮನೆಗೆ ಮಾತ್ರ ಇಲ್ವಾ, ಅಕ್ಕಪಕ್ಕದವರಿಗೂ ಇಲ್ವಾ ಅಮ್ಮಾ?’

‘ಇಡೀ ಕೇರಿಗೆ ಇಲ್ಲ ಕಣಮ್ಮ.’

‘ಹೋಗುವಾಗ ಏನಾದರೂ ಸದ್ದು ಕೇಳಿಸ್ತಾ? ತಂತಿ ಬಿದ್ದಿರೋದು, ಮರ ಬಿದ್ದಿರೋದು ಕಾಣಿಸ್ತಾ?’

‘ಟಿಸಿ ಹತ್ರ ಢಂ ಅಂತು. ತೋಟದ ಕಡೆ ಏನೋ ಬಿದ್ದಿದೆ, ಕತ್ತಲಲ್ಲಿ ಹೋಗಿಲ್ಲ.’

‘ಹೋಗಬೇಡಿ. ಮಕ್ಕಳನ್ನೂ, ದನಾನೂ ಆ ಕಡೆ ಬಿಡಬೇಡಿ.’

ಈ ಐದು ಮಾತಿನಲ್ಲಿ ಮೂರು ಕೆಲಸ ಆಗುತ್ತದೆ. ಇದು ಟಿಸಿ ಮಟ್ಟದ ದೂರು ಅಂತ ಗೊತ್ತಾಯಿತು. ಫೀಡರ್ ಬಂದ ಮೇಲೂ ಇಲ್ಲಿ ಬೇರೆ ಕೆಲಸ ಇರಬಹುದು ಅನ್ನುವ ಸುಳಿವು ಸಿಕ್ಕಿತು. ಬಿದ್ದ ತಂತಿ ತುಳಿಯದ ಹಾಗೆ ಎಚ್ಚರಿಕೆಯೂ ಹೋಯಿತು. ಬಿದ್ದ ತಂತಿಯ ಮಾತು ಬಂದರೆ ಅದು ಕರೆಂಟ್ ಇಲ್ಲದ ದೂರಿನ ಸಾಲಿನಲ್ಲಿ ಕಾಯಬಾರದು. ಜೀವದ ಅಪಾಯ ಅಂತ ಬೇರೆ ಗುರುತು ಹಾಕಿ, ಆ ಕ್ಷಣವೇ ಸ್ಟೇಷನ್‌ಗೆ ಫೋನ್ ಹೋಗಿ ಲೈನ್ ಬಂದ್ ಆಗಬೇಕು. ಅದಕ್ಕೆ ಯಾವ ಹಂತವೂ ಇಲ್ಲ, ಅವಧಿಯೂ ಇಲ್ಲ.

ಹಂತ ಅಂದರೆ ಯಾರ ಕೈಯಲ್ಲಿ ಏನಿದೆ

ಸಾಮಾನ್ಯವಾಗಿ ಹಂತಗಳನ್ನು ಹುದ್ದೆಯ ಮೇಲೆ ಬರೆಯುತ್ತಾರೆ. ಲೈನ್‌ಮನ್, ಅವರ ಮೇಲೆ ಒಬ್ಬರ ಮೇಲೊಬ್ಬರಂತೆ ಎಂಜಿನಿಯರುಗಳು: ಸೆಕ್ಷನ್ ಆಫೀಸಿನ ಜೆಇ, ಸಬ್‌ಡಿವಿಷನ್‌ನ ಎಇಇ, ಡಿವಿಷನ್‌ನ ಇಇ. ಅವಧಿ ಮೀರಿದರೆ ಮುಂದಿನವರಿಗೆ ಮೆಸೇಜ್ ಹೋಗುತ್ತದೆ. ಮೆಸೇಜ್ ನೋಡಿದ ಅಧಿಕಾರಿ ಕೆಳಗಿನವರಿಗೆ ಫೋನ್ ಮಾಡಿ ‘ಏನ್ರೀ ಆಯ್ತು’ ಅಂತ ಕೇಳುತ್ತಾರೆ. ಕೆಳಗಿನವರ ಹತ್ತಿರ ಆಗಲೂ ಇರುವುದು ಅದೇ ಇಬ್ಬರು ಲೈನ್‌ಮನ್, ಅದೇ ಒಂದು ಏಣಿ. ಬೈಗುಳ ಮಾತ್ರ ಹೊಸದು.

ಹಂತವನ್ನು ಬರೆಯಬೇಕಾದ್ದು ಅಧಿಕಾರಿಯ ಕೈಯಲ್ಲಿ ಏನಿದೆ ಅನ್ನುವುದರ ಮೇಲೆ. ಲೈನ್‌ಮನ್ ಫ್ಯೂಸ್ ಹಾಕಬಹುದು, ಕಂಬದ ಮೇಲೆ ಲೈನ್ ಜೋಡಿಸುವ ತುಂಡು ತಂತಿ, ಅಂದರೆ ಜಂಪ್ ಕಿತ್ತಿದ್ದರೆ ಕಟ್ಟಬಹುದು. ಜೆಇ ತನ್ನ ಸೆಕ್ಷನ್ನಿನ ಗ್ಯಾಂಗ್ ಅನ್ನು ಒಂದು ಊರಿಂದ ಇನ್ನೊಂದಕ್ಕೆ ಕಳಿಸಬಹುದು, ಲೈನ್ ಬಂದ್ ಮಾಡಿಸಿ ಕೆಲಸಕ್ಕೆ ಒಪ್ಪಿಗೆ ಪಡೆಯುವ ಲೈನ್ ಕ್ಲಿಯರ್ ತೆಗೆದುಕೊಂಡು ದೊಡ್ಡ ಕೆಲಸ ಮಾಡಿಸಬಹುದು. ಎಇಇ ಪಕ್ಕದ ಸೆಕ್ಷನ್ನಿನ ಜನರನ್ನು, ಗಾಡಿಯನ್ನು ಇಲ್ಲಿಗೆ ತರಿಸಬಹುದು. ಅದಕ್ಕೂ ಮೇಲಿನವರು ಕಂಬ, ಬದಲಿ ಟಿಸಿ, ಕಂಟ್ರಾಕ್ಟರ್ ಜನ ಇವುಗಳ ಮೇಲೆ ನಿರ್ಧಾರ ತೆಗೆದುಕೊಳ್ಳಬಹುದು. ಹೀಗೆ ನೋಡಿದರೆ ಟಿಸಿ ಸುಟ್ಟಿದೆ ಅಂತ ಮೊದಲ ಭೇಟಿಯಲ್ಲೇ ಗೊತ್ತಾದ ದೂರು ಲೈನ್‌ಮನ್ ಹಂತದಲ್ಲಿ ಗಂಟೆಗಟ್ಟಲೆ ಕೂರಬಾರದು. ಅವನಿಂದ ಆಗುವುದು ಏನೂ ಇಲ್ಲ. ನೇರ ಬದಲಿ ಟಿಸಿ ಕೊಡಿಸುವವರ ಹತ್ತಿರ ಹೋಗಬೇಕು. 72 ಗಂಟೆ ಇದೆಯಲ್ಲ ಅಂತ ಮೊದಲ ದಿನ ಕೆಳಗೇ ಕೊಳೆಯುವ ದೂರುಗಳೇ ಮೂರನೇ ದಿನ ಗಲಾಟೆಯಾಗುವುದು.

ಸಮಯ ನೋಡಿ ಮೇಲೆ ಕಳಿಸುವುದೂ ಬೇಕು, ಆದರೆ ಅವಧಿ ಮುಗಿದ ಮೇಲಲ್ಲ. 24 ಗಂಟೆ ಮುಗಿದ ಮೇಲೆ ಎಇಇಗೆ ತಿಳಿಸಿದರೆ ಅವರು ಮಾಡುವುದಕ್ಕೆ ಉಳಿದದ್ದು ವಿವರಣೆ ಬರೆಯುವುದು ಮಾತ್ರ. ನಾನಾದರೆ 24 ಗಂಟೆಯ ದೂರಿಗೆ ಅರ್ಧ ಅವಧಿಯಲ್ಲಿ, ಅಂದರೆ 12 ಗಂಟೆಗೆ ಜೆಇ, ಮುಕ್ಕಾಲು ಅವಧಿಯಲ್ಲಿ, ಅಂದರೆ 18 ಗಂಟೆಗೆ ಎಇಇ, ಮುಗಿಯುವ ಹೊತ್ತಿಗೆ ಇಇ ಅಂತ ಇಡುತ್ತೇನೆ. ನಮ್ಮ ಉದಾಹರಣೆಗೆ ಹಾಕಿದರೆ ಜೆಇಗೆ ಮಂಗಳವಾರ ಬೆಳಿಗ್ಗೆ 7.10ಕ್ಕೆ, ಎಇಇಗೆ ಮಧ್ಯಾಹ್ನ 1.10ಕ್ಕೆ ತಲುಪುತ್ತಿತ್ತು. ಹಗಲು ಬೆಳಕಿರುವಾಗಲೇ ಇನ್ನೊಂದು ಗ್ಯಾಂಗ್ ಕಳಿಸುವುದಕ್ಕೆ ಎಇಇಗೆ ಐದು ಗಂಟೆ ಸಿಗುತ್ತಿತ್ತು. ಮಲೆನಾಡಿನ ಜುಲೈನಲ್ಲಿ ಆ ಬೆಳಕು ದೊಡ್ಡದು.

ಇನ್ನೊಂದು ಗಡಿಯಾರವೂ ಬೇಕು, ಉತ್ತರದ ಗಡಿಯಾರ. ಸರಿಪಡಿಸುವುದಕ್ಕೆ 24 ಗಂಟೆ ಇರಲಿ, ಆದರೆ ದೂರು ಬಂದ ಎರಡು ಗಂಟೆಯೊಳಗೆ ಸೆಕ್ಷನ್‌ನಿಂದ ಯಾರಾದರೂ ಒಬ್ಬರು ‘ಫೀಡರ್ ಮೇಲೆ ಮರ ಬಿದ್ದಿದೆ, ಬೆಳಿಗ್ಗೆ ಶುರು ಮಾಡ್ತೀವಿ’ ಅಂತ ಹೇಳಬೇಕು. ಹಾಗೆ ಗೊತ್ತಾದರೆ ಮನೆಯವರು ಫ್ರಿಜ್‌ನಲ್ಲಿರುವ ಔಷಧಿ ಬೇರೆ ಕಡೆ ಇಡಿಸುತ್ತಾರೆ, ಟ್ಯಾಂಕಿನ ನೀರು ಹಿಡಿದು ಬಳಸುತ್ತಾರೆ. ಮತ್ತೆ ಮತ್ತೆ ಫೋನ್ ಮಾಡಿ ಲೈನ್ ತುಂಬಿಸುವುದೂ ಕಡಿಮೆಯಾಗುತ್ತದೆ.

ಯಾರು ಮುಚ್ಚಬೇಕು

ಫೀಡರ್ ಬಂದಾಗ ನೂರಾರು ದೂರುಗಳನ್ನು ಒಟ್ಟಿಗೆ ಮುಚ್ಚುವುದು ತಪ್ಪಲ್ಲ. ಒಬ್ಬೊಬ್ಬರಿಗೇ ಫೋನ್ ಮಾಡುತ್ತಾ ಕೂತರೆ ಮುಂದಿನ ಮಳೆ ಬಂದುಬಿಡುತ್ತದೆ. ಆದರೆ ಒಂದು ಪರೀಕ್ಷೆ ಬೇಕು. ಪ್ರತಿ ಟಿಸಿಯ ಕೊನೇ ಕಂಬದ ಒಂದು ಮನೆಗೆ ಫೋನ್ ಮಾಡಿ ಕೇಳುವುದು. ಕೊನೇ ಕಂಬಕ್ಕೆ ಬಂದಿದ್ದರೆ ಆ ಸಾಲಿನ ಮಧ್ಯದ ಮನೆಗಳಿಗೂ ಬಂದಿರುತ್ತದೆ. ಕವಲು ಲೈನ್ ಇದ್ದರೆ ಕವಲಿಗೊಂದು ಮನೆ. ಬರೀ ‘ಕರೆಂಟ್ ಬಂತಾ’ ಅಂತಲ್ಲ, ‘ಮೂರೂ ಫೇಸ್ ಇದೆಯಾ, ಮೋಟಾರ್ ಓಡ್ತಾ ಇದೆಯಾ’ ಅಂತ ಕೇಳಬೇಕು. ಒಂದು ಫೇಸ್ ಹೋಗಿದ್ದರೆ ಕೆಲವು ಮನೆಯಲ್ಲಿ ದೀಪ ಉರಿಯುತ್ತದೆ, ಕೆಲವು ಮನೆಯಲ್ಲಿ ಉರಿಯುವುದಿಲ್ಲ, ಮೂರು ಫೇಸಿನ ಪಂಪು ಓಡುವುದಿಲ್ಲ. ಉರಿಯುವ ಮನೆಗೇ ಫೋನ್ ಹೋದರೆ ದೂರು ಮುಚ್ಚಿ ಹೋಗುತ್ತದೆ.

ಫೋನ್ ಸಿಗದಿದ್ದರೆ? ನಮ್ಮ ಕಡೆ ಇದು ದೊಡ್ಡ ಪ್ರಶ್ನೆ. ಎರಡು ಸಲ ಕರೆ ಮಾಡಿ ಸಿಗದಿದ್ದರೆ ಮುಚ್ಚಿಬಿಡುವ ಪದ್ಧತಿ ಪೇಟೆಗೆ ಸರಿ ಹೋಗಬಹುದು. ಆಗುಂಬೆ ಸುತ್ತಿನ ಹಳ್ಳಿಯಲ್ಲಿ ಫೋನ್ ಸಿಗದಿರುವುದೇ ಕರೆಂಟ್ ಇನ್ನೂ ಬಂದಿಲ್ಲ ಅನ್ನುವುದರ ಗುರುತು. ಅಲ್ಲಿ ದೂರು ತೆರೆದೇ ಇರಬೇಕು, ಮಾರನೇ ದಿನದ ಪಟ್ಟಿಗೆ ತಾನಾಗಿ ಸೇರಬೇಕು, ಲೈನ್‌ಮನ್ ಆ ದಾರಿಯಲ್ಲಿ ಹೋಗುವಾಗ ನೋಡಿ ಬರಬೇಕು.

ಮುಚ್ಚಿದ ಮೇಲೆ 48 ಗಂಟೆಯೊಳಗೆ ಅದೇ ಆರ್‌ಆರ್ ನಂಬರಿನಿಂದ, ಇಲ್ಲವೇ ಅದೇ ಟಿಸಿಯ ಬೇರೆ ಮನೆಯಿಂದ ಅದೇ ಬಗೆಯ ಕರೆ ಬಂದರೆ ಹೊಸ ಸಂಖ್ಯೆ ಕೊಡಬಾರದು. ಹಳೇ ದೂರನ್ನೇ ತೆರೆಯಬೇಕು, ಹಳೇ ಗಡಿಯಾರವೇ ಮುಂದುವರಿಯಬೇಕು. ಮಧ್ಯೆ ಎರಡು ಗಂಟೆ ಕರೆಂಟ್ ಬಂದು ಮತ್ತೆ ಹೋಗಿದ್ದರೆ ಅಷ್ಟನ್ನು ಕಳೆಯಲಿ, ನ್ಯಾಯವೇ. ಈ ಒಂದು ನಿಯಮ ಇದ್ದಿದ್ದರೆ ನಮ್ಮ ಉದಾಹರಣೆಯ ದೂರು ಮಂಗಳವಾರ ಸಂಜೆ 6.30ಕ್ಕೆ ತೆರೆದಾಗಲೇ 23 ಗಂಟೆ 20 ನಿಮಿಷ ವಯಸ್ಸಾಗಿರುತ್ತಿತ್ತು, ನೇರ ಎಇಇ ಹಂತದಲ್ಲಿ ನಿಲ್ಲುತ್ತಿತ್ತು.

ಗಡಿಯಾರ ನಿಲ್ಲಿಸುವ ಹಕ್ಕು ಬೇಡವೇ ಬೇಡ ಅಂತಲ್ಲ. ರಾತ್ರಿ ಗಾಳಿ ಮಳೆಯಲ್ಲಿ ಯಾವ ಲೈನ್‌ಮನ್ನನ್ನೂ ಕಂಬ ಹತ್ತಿಸಬಾರದು. ಅವಧಿ ಮುಗಿಯುತ್ತಿದೆ ಅಂತ ಒತ್ತಡ ಹಾಕಿ, ಲೈನ್ ಕ್ಲಿಯರ್ ಸರಿಯಾಗಿ ತೆಗೆದುಕೊಳ್ಳದೆ ಕೈ ಹಾಕಿದರೆ ಹೋಗುವುದು ಒಂದು ಜೀವ. ಯಾರದೋ ಮನೆಯ ಜನರೇಟರ್ ತಪ್ಪಾಗಿ ಜೋಡಿಸಿದ್ದರೆ ಸತ್ತ ಲೈನಿಗೂ ಕರೆಂಟ್ ಬರುತ್ತದೆ. ಹಾಗಾಗಿ ಸುರಕ್ಷತೆಗಾಗಿ ನಿಲ್ಲಿಸಿದ್ದೇವೆ ಅಂತ ಬರೆಯುವ ಅವಕಾಶ ಇರಲೇಬೇಕು. ಆದರೆ ಅದಕ್ಕೆ ಶುರುವಾದ ಹೊತ್ತು, ಮುಗಿದ ಹೊತ್ತು, ಕಾರಣ, ನಿಲ್ಲಿಸಿದ ಅಧಿಕಾರಿಯ ಹೆಸರು ಇರಬೇಕು. ಬೆಳಗಾದ ಮೇಲೆ ತಾನಾಗಿ ಮತ್ತೆ ಓಡಬೇಕು. ‘ಮಳೆ’ ಅಂತ ಒಂದೇ ಪದ ಬರೆದು ಮೂರು ದಿನ ನಿಲ್ಲಿಸುವುದು ಒಪ್ಪುವಂಥದ್ದಲ್ಲ. ಪ್ರವಾಹ, ಚಂಡಮಾರುತದಂಥ ವಿಕೋಪಕ್ಕೆ ವಿನಾಯಿತಿ ಇರುವುದು ಸರಿ. ಪ್ರತಿ ವರ್ಷ ಬರುವ ಮಲೆನಾಡಿನ ಮಳೆಗಾಲವನ್ನು ಪೂರ್ತಿ ಆ ಲೆಕ್ಕಕ್ಕೆ ಸೇರಿಸಲಾಗದು, ಅಲ್ವಾ?

ಕರೆ ಕೇಂದ್ರ ಸರಿಯಿದೆಯೋ ಇಲ್ಲವೋ ಅಂತ ತಿಳಿಯಲು ‘ಶೇಕಡಾ ಎಷ್ಟು ಅವಧಿಯೊಳಗೆ ಮುಗಿಯಿತು’ ಅನ್ನುವ ಅಂಕಿ ನೋಡಿದರೆ ಸಾಲದು. ಮುಚ್ಚಿದ ಎರಡು ದಿನದೊಳಗೆ ಅದೇ ಟಿಸಿಯಿಂದ ಎಷ್ಟು ಕರೆ ಮತ್ತೆ ಬಂತು ಅಂತ ನೋಡಬೇಕು. ಅವಧಿ ಮುಗಿಯುವ ಕೊನೇ ಅರ್ಧ ಗಂಟೆಯಲ್ಲಿ ಎಷ್ಟು ದೂರು ಮುಚ್ಚಿದವು ಅಂತ ನೋಡಬೇಕು. ಆ ಅರ್ಧ ಗಂಟೆಯಲ್ಲಿ ಗುಂಪಾಗಿ ಮುಚ್ಚಿದ್ದರೆ, ಕೆಲಸ ಕಂಬದ ಮೇಲೆ ನಡೆದಿಲ್ಲ, ಪರದೆಯ ಮೇಲೆ ನಡೆದಿದೆ ಅಂತ ಅನುಮಾನ ಪಡಬಹುದು. ಸ್ಮಾರ್ಟ್ ಮೀಟರ್ ಬಂದ ಕಡೆ ಮೀಟರೇ ಕರೆಂಟ್ ಹೋದ ಹೊತ್ತು, ಬಂದ ಹೊತ್ತು ಹೇಳುತ್ತದೆ. ಕೇಂದ್ರ ಸರ್ಕಾರದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು, ಹೀಗೆ ದೂರದಿಂದಲೇ ಅಳೆಯಬಹುದಾದ ಲೋಪಗಳಿಗೆ ಗ್ರಾಹಕರು ಕೇಳದೆಯೇ ಪರಿಹಾರ ಸೇರಬೇಕು ಅನ್ನುತ್ತವೆ. ಸ್ಮಾರ್ಟ್ ಮೀಟರ್ ಇಲ್ಲದ ಕಡೆ ಮನೆಯವರ ಕೈಯಲ್ಲಿರುವ ಏಕೈಕ ದಾಖಲೆ ದೂರಿನ ಸಂಖ್ಯೆಯೇ.

ಆದ್ದರಿಂದ ಮನೆಯವರು ಮಾಡಬಹುದಾದ್ದು ಕಡಿಮೆಯೇ ಆದರೂ ಅದನ್ನು ಬಿಡಬಾರದು. ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಹೊತ್ತಿನ ಸಮೇತ ಬರೆದಿಡಿ. ಕಂಬದ ಮೇಲೆ ಟಿಸಿಯ ನಂಬರ್ ಬರೆದಿದ್ದರೆ ಅದನ್ನೂ ಹೇಳಿ. ಎರಡನೇ ಸಲ ಫೋನ್ ಮಾಡಿದಾಗ ‘ಹಳೇ ದೂರೇ ತೆರೆಯಿರಿ, ಕರೆಂಟ್ ಬಂದೇ ಇಲ್ಲ’ ಅನ್ನಿ. ಹೊಸ ಸಂಖ್ಯೆಯನ್ನೇ ಕೊಟ್ಟರೆ, ಹಳೇ ಸಂಖ್ಯೆಯನ್ನು ಹೊಸ ದೂರಿನ ವಿವರದಲ್ಲಿ ಬರೆದುಕೊಳ್ಳಲು ಹೇಳಿ.

ಇದು ಮುಂದಿನ ಮೆಟ್ಟಿಲಲ್ಲಿ ಕೆಲಸಕ್ಕೆ ಬರುತ್ತದೆ. ಕಂಪನಿಯೊಳಗೆ ನ್ಯಾಯ ಸಿಗದಿದ್ದರೆ ವಿದ್ಯುತ್ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಅಲ್ಲೂ ಸರಿ ಅನಿಸದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. 2020ರ ನಿಯಮಗಳು ವೇದಿಕೆಯ ಮಟ್ಟದಲ್ಲಿ ದೂರು ಮುಗಿಸಲು ಹೆಚ್ಚೆಂದರೆ 45 ದಿನ ಅಂತ ಹೇಳುತ್ತವೆ. ಅಲ್ಲಿಗೆ ಹೋದಾಗ ಕಂಪನಿಯವರು ತಮ್ಮ ದಾಖಲೆ ಇಡುತ್ತಾರೆ. ಅದರಲ್ಲಿ 18 ಗಂಟೆ 50 ನಿಮಿಷದ ಒಂದು ದೂರು, 19 ಗಂಟೆಯ ಇನ್ನೊಂದು ದೂರು ಇರುತ್ತದೆ. ಹಾಗಾಗಿ ಅರ್ಜಿಯ ಮೊದಲ ಸಾಲಲ್ಲೇ ಈ ಎರಡೂ ಸಂಖ್ಯೆ ಒಂದೇ ತೊಂದರೆಯವು, ಸೋಮವಾರ ಸಂಜೆ 7.10ರಿಂದ ಬುಧವಾರ ಮಧ್ಯಾಹ್ನ 1.30ರವರೆಗೆ ಕರೆಂಟ್ ಇರಲಿಲ್ಲ ಅಂತ ಬರೆಯಿರಿ. ಅದೇ ಟಿಸಿಯ ಇನ್ನೆರಡು ಮನೆಯವರ ಸಹಿ ಹಾಕಿಸಿ. ಸ್ಟೇಷನ್‌ನ ಲಾಗ್ ಪುಸ್ತಕ ತರಿಸಿದರೆ ಫೀಡರ್ ಮಂಗಳವಾರ 2 ಗಂಟೆಗೆ ಬಂತು ಅಂತ ಮಾತ್ರ ಕಾಣುತ್ತದೆ. ನಿಮ್ಮ ಎಲ್‌ಟಿ ತಂತಿ ಆ ಪುಸ್ತಕದಲ್ಲಿ ಇರುವುದಿಲ್ಲ. ಆ ತಂತಿ ಕಟ್ಟಿದ ದಿನ, ಹೊತ್ತು ಸೆಕ್ಷನ್ ಆಫೀಸಿನ ಕೆಲಸದ ದಾಖಲೆಯಲ್ಲಿ ಇರಬೇಕು. ಅದನ್ನು ಹಾಜರುಪಡಿಸಲು ವೇದಿಕೆಯನ್ನು ಕೇಳಿ.